ಅತಿ ಕಡಿಮೆ ದೂರ ಸೊನ್ನೆ ಬಂತು, ಬಿಂದು ಮಾತ್ರ ವಕ್ರರೇಖೆಯ ಮೇಲಿಲ್ಲ: ಎಲ್ಲಿ ತಪ್ಪಿತು?

ಪ್ರಶ್ನೆ: ಸರ್, y = x² ಪರವಲಯಕ್ಕೆ (0, 1/4) ಬಿಂದುವಿನಿಂದ ಅತಿ ಕಡಿಮೆ ದೂರ ಕಂಡುಹಿಡಿಯಬೇಕಿತ್ತು. ದೂರದ ವರ್ಗ ಬರೆದೆ, x² ಇದ್ದ ಕಡೆ y ಹಾಕಿದೆ, ಡಿಫರೆನ್ಶಿಯೇಟ್ ಮಾಡಿದೆ. y = −1/4 ಬಂತು. ಎರಡನೇ ಡೆರಿವೇಟಿವ್ 2, ಅಂದರೆ ಕನಿಷ್ಠವೇ. ಬೆಲೆ ಹಾಕಿದರೆ ದೂರ 0! ಆದರೆ ಬಿಂದು ಪರವಲಯದ ಮೇಲೆ ಇಲ್ವಲ್ಲ? (0, 2)ಕ್ಕೆ ಇದೇ ದಾರಿಯಲ್ಲಿ ಸರಿ ಉತ್ತರ ಬಂದಿತ್ತು.

ಉತ್ತರ:

ನೀವು ಮಾಡಿದ ಡಿಫರೆನ್ಶಿಯೇಶನ್‌ನಲ್ಲಿ ತಪ್ಪಿಲ್ಲ. ಎರಡನೇ ಡೆರಿವೇಟಿವ್ ಕೂಡ ಸರಿ. ಅದಕ್ಕೂ ಮುಂಚೆ, x² ಜಾಗದಲ್ಲಿ y ಬರೆದಾಗಲೇ ಒಂದು ಷರತ್ತು ಕೈಬಿಟ್ಟುಹೋಗಿದೆ. x ಯಾವುದೇ ನೈಜ ಸಂಖ್ಯೆಯಾಗಲಿ, x² ನೆಗೆಟಿವ್ ಆಗಲ್ಲ. ಹಾಗಾಗಿ ಪರವಲಯದ ಮೇಲಿನ ಬಿಂದುಗಳಿಗೆ y ≥ 0 ಇರಲೇಬೇಕು. ನೀವು ಬರೆದ

D = y + (y − 1/4)²

ಎಂಬ ಸಮೀಕರಣಕ್ಕೆ ಈ ವಿಷಯ ಗೊತ್ತಿಲ್ಲ. ಅದಕ್ಕೆ y ಅಂದರೆ ಯಾವ ಸಂಖ್ಯೆ ಬೇಕಾದರೂ ಆಗಬಹುದಾದ ಒಂದು ಅಕ್ಷರ, ಅಷ್ಟೇ. ಅದರ ಕನಿಷ್ಠ ಎಲ್ಲಿದೆ ಅಂತ ಕೇಳಿದಿರಿ, ಅದು ಪ್ರಾಮಾಣಿಕವಾಗಿ −1/4 ಅಂತ ಹೇಳಿತು. ಆ ಎತ್ತರದಲ್ಲಿ ನಮ್ಮ ಪರವಲಯದ ಒಂದು ಬಿಂದುವೂ ಇಲ್ಲ.

ಷರತ್ತನ್ನು ವಾಪಸ್ ತಂದು ನೋಡಿ. D' = 2y + 1/2. y ಸೊನ್ನೆ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಇದು ಯಾವಾಗಲೂ ಪಾಸಿಟಿವ್. ಅಂದರೆ y = 0ಯಿಂದ ಮೇಲಕ್ಕೆ ಹೋದಂತೆ D ಬೆಳೆಯುತ್ತಲೇ ಹೋಗುತ್ತದೆ. ಹಾಗಾದರೆ ಅತಿ ಕಡಿಮೆ ಬೆಲೆ ಶುರುವಿನಲ್ಲೇ, y = 0ಯಲ್ಲೇ ಇರಬೇಕು ಅಲ್ವಾ? ಅಲ್ಲಿ D = 1/16, ದೂರ 1/4. ಪರವಲಯದ ತಳದ ಬಿಂದು (0, 0) ಹತ್ತಿರದ ಬಿಂದು. ಇದೇ ಸರಿ ಉತ್ತರ.

ಈಗ ಇದೇ ಲೆಕ್ಕವನ್ನು y ಬದಲು xನಲ್ಲೇ ಮಾಡಿ.

D = x² + (x² − 1/4)² = x⁴ + x²/2 + 1/16

D' = 4x³ + x = x(4x² + 1)

ಎರಡನೇ ಅಂಶ ಸೊನ್ನೆಯಾಗುವುದೇ ಇಲ್ಲ. ಉಳಿಯುವುದು x = 0 ಒಂದೇ. ಉತ್ತರ ತಾನಾಗಿ ಸಿಕ್ಕಿತು, ಯಾವ ಷರತ್ತನ್ನೂ ನೆನಪಿಟ್ಟುಕೊಳ್ಳಬೇಕಾಗಲಿಲ್ಲ. ಹಾಗಾದರೆ yಯಲ್ಲಿ ಮಾಡಿದಾಗ ಈ x = 0 ಎಲ್ಲಿ ಮಾಯವಾಯಿತು? ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳು ಇದೇ. ಸರಪಳಿ ನಿಯಮ ಬರೆದರೆ ಕಾಣುತ್ತದೆ:

dD/dx = (dD/dy) · (dy/dx) = (dD/dy) · 2x

ಎಡಗಡೆ ಸೊನ್ನೆಯಾಗಲು ಎರಡು ದಾರಿಗಳಿವೆ. dD/dy ಸೊನ್ನೆಯಾಗಬೇಕು, ಇಲ್ಲವೇ 2x ಸೊನ್ನೆಯಾಗಬೇಕು. ನೀವು dD/dy = 0 ಅಂತ ಮಾತ್ರ ಬರೆದಿರಿ, ಆದ್ದರಿಂದ ಎರಡನೇ ದಾರಿ ಕಾಗದದ ಮೇಲೆ ಬರಲೇ ಇಲ್ಲ. ಪರವಲಯದ ತಳದಲ್ಲಿ x ಬದಲಾದರೂ y ಬದಲಾಗದೆ ಒಂದು ಕ್ಷಣ ನಿಲ್ಲುತ್ತದೆ. yಯನ್ನು ಅಳತೆಗೋಲಾಗಿ ಹಿಡಿದರೆ ಆ ಜಾಗ ಅಳತೆಗೋಲಿನ ತುದಿಯಾಗಿಬಿಡುತ್ತದೆ. ತುದಿಯಲ್ಲಿ ಕನಿಷ್ಠ ಇದ್ದರೆ ಡೆರಿವೇಟಿವ್ ಸೊನ್ನೆಯಾಗಬೇಕೆಂದೇನೂ ಇಲ್ಲ. ವಕ್ರರೇಖೆ ಅಲ್ಲಿ ಮುಗಿಯುವುದಿಲ್ಲ, ಆಚೆ ಬದಿಗೆ ನುಣುಪಾಗಿ ಮುಂದುವರಿಯುತ್ತದೆ. ಮುಗಿಯುವುದು ನೀವು ಆರಿಸಿಕೊಂಡ ಚರಾಕ್ಷರದ ವ್ಯಾಪ್ತಿ.

ಇದು ಪರವಲಯಕ್ಕೆ ಮಾತ್ರ ಸೀಮಿತವಲ್ಲ. x² + y² = 1 ವೃತ್ತಕ್ಕೆ (0, 2)ರಿಂದ ಹತ್ತಿರದ ಬಿಂದು ಯಾವುದು ಅಂತ ಯಾರನ್ನು ಕೇಳಿದರೂ (0, 1) ಅಂತಾರೆ, ಲೆಕ್ಕವೇ ಬೇಡ. ಆದರೆ x² = 1 − y² ಅಂತ ಹಾಕಿ ನೋಡಿ. D = 1 − y² + (y − 2)² = 5 − 4y. ಡೆರಿವೇಟಿವ್ −4, ಎಲ್ಲೂ ಸೊನ್ನೆಯಾಗಲ್ಲ! ಕನಿಷ್ಠವೇ ಇಲ್ಲ ಅಂತ ಬರೆಯುವುದಾ? ಇಲ್ಲ. ವೃತ್ತದಲ್ಲಿ y ಬೆಲೆ −1ರಿಂದ 1ರವರೆಗೆ ಮಾತ್ರ ಹೋಗುತ್ತದೆ. y = 1 ತುದಿಯಲ್ಲಿ D = 1, ಅದು ಕನಿಷ್ಠ. y = −1 ತುದಿಯಲ್ಲಿ D = 9, ಅದು ಗರಿಷ್ಠ. ಎರಡು ಉತ್ತರಗಳೂ ತುದಿಯಲ್ಲೇ ಇದ್ದವು.

ಇನ್ನು (0, 2)ಕ್ಕೆ ಇದೇ ದಾರಿ ಯಾಕೆ ಕೆಲಸ ಮಾಡಿತು? y ಅಕ್ಷದ ಮೇಲಿನ ಯಾವುದೇ ಬಿಂದುವನ್ನು (0, c) ಅಂತ ಕರೆಯೋಣ. ಆಗ D = y + (y − c)². ಡೆರಿವೇಟಿವ್ ಸೊನ್ನೆಯಾಗುವುದು y = c − 1/2ರಲ್ಲಿ. c = 2 ಆದರೆ y = 3/2, ಇದು ಪಾಸಿಟಿವ್, ಪರವಲಯದ ಮೇಲೆ ನಿಜವಾಗಿಯೂ ಇಂಥ ಎರಡು ಬಿಂದುಗಳಿವೆ, x = ±√(3/2). D = 3/2 + 1/4 = 7/4, ದೂರ √7/2, ಅಂದರೆ ಸುಮಾರು 1.32. ತಳದ ಬಿಂದುವಿಗೆ ದೂರ 2. ಹಾಗಾಗಿ ಇಲ್ಲಿ ತಳ ಹತ್ತಿರದ ಬಿಂದುವಲ್ಲ, ಅಲ್ಲಿಂದ ಯಾವ ಕಡೆ ಸ್ವಲ್ಪ ಸರಿದರೂ ದೂರ ಕಡಿಮೆಯೇ ಆಗುತ್ತದೆ. ಕಳೆದುಹೋದ x = 0 ಇಲ್ಲಿಯೂ ಕಳೆದುಹೋಗಿತ್ತು. ಅದು ಉತ್ತರವಲ್ಲದ ಕಾರಣ ನಿಮಗೆ ಗೊತ್ತಾಗಲಿಲ್ಲ.

ಅಂದರೆ c = 1/2 ಅನ್ನುವುದು ಗಡಿ. ಅದಕ್ಕಿಂತ ಮೇಲಿದ್ದರೆ ದೂರ √(4c − 1)/2. ಅದಕ್ಕಿಂತ ಕೆಳಗಿದ್ದರೆ ತಳವೇ ಹತ್ತಿರ, ದೂರ ಸುಮ್ನೆ |c|. ದ್ವಿತೀಯ ಪಿಯುಸಿ ಪಠ್ಯದಲ್ಲಿ ಈ (0, c) ಲೆಕ್ಕಕ್ಕೆ 1/2 ≤ c ≤ 5 ಅಂತ ಷರತ್ತು ಹಾಕಿರುತ್ತಾರೆ. ಅದನ್ನು ಯಾರೂ ಗಮನ ಕೊಟ್ಟು ಓದುವುದಿಲ್ಲ. ಆ 1/2 ಇರುವುದು ಇದೇ ಕಾರಣಕ್ಕೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಿಮ್ಮ ಲೆಕ್ಕದಲ್ಲಿ 0 ಬಂದದ್ದು ಒಳ್ಳೆಯದಾಯಿತು, ಏನೋ ಸರಿಯಿಲ್ಲ ಅಂತ ತಕ್ಷಣ ಅನುಮಾನ ಬಂತು. c = 0.1 ಇದ್ದಿದ್ದರೆ D = −0.15 ಬರುತ್ತಿತ್ತು, ವರ್ಗ ನೆಗೆಟಿವ್ ಆಗಿದ್ದಕ್ಕೆ ಆಗಲೂ ಎಚ್ಚರವಾಗುತ್ತಿತ್ತು. ಅಪಾಯ ಇರುವುದು 1/4 ಮತ್ತು 1/2ರ ನಡುವೆ. c = 0.4 ತೆಗೆದುಕೊಳ್ಳಿ. ಸೂತ್ರಕ್ಕೆ ಹಾಕಿದರೆ √0.6/2, ಸುಮಾರು 0.387. ನೋಡಲು ಏನೂ ತೊಂದರೆ ಇಲ್ಲದ ಸಂಖ್ಯೆ. ಆದರೆ ನಿಜವಾದ ಉತ್ತರ 0.4. ಸೂತ್ರ ಕೊಟ್ಟ 0.387ರಷ್ಟು ಹತ್ತಿರದಲ್ಲಿ ಪರವಲಯದ ಯಾವ ಬಿಂದುವೂ ಇಲ್ಲ, ಯಾಕೆಂದರೆ ಅದು y = −0.1ರಿಂದ ಬಂದದ್ದು. ದೂರವನ್ನು ಮಾತ್ರ ಬರೆದು ಮುಗಿಸಿದರೆ ಈ ತಪ್ಪು ಕಾಣುವುದೇ ಇಲ್ಲ. ಹತ್ತಿರದ ಬಿಂದುವಿನ x ಮತ್ತು y ಎರಡನ್ನೂ ಬರೆಯಲು ಹೋದರೆ x² = −0.1 ಅಂತ ಬಂದು ಅಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಪ್ರಶ್ನೆಯಲ್ಲಿ ದೂರ ಮಾತ್ರ ಕೇಳಿದ್ದರೂ ಬಿಂದುವನ್ನು ಕಂಡುಹಿಡಿದು ಬರೆಯಿರಿ.

ನಿಮಗೆ ಸರಿಯಾಗಿ 0 ಬಂದದ್ದಕ್ಕೂ ಕಾರಣ ಇದೆ. (0, 1/4) ಅನ್ನುವುದು y = x²ರ ನಾಭಿ. ಪರವಲಯದ ಪ್ರತಿಯೊಂದು ಬಿಂದುವೂ ನಾಭಿಯಿಂದ ಎಷ್ಟು ದೂರವೋ, y = −1/4 ಎಂಬ ನಿಯತರೇಖೆಯಿಂದಲೂ ಅಷ್ಟೇ ದೂರ. ನಿಮ್ಮ Dಯನ್ನು ಬಿಡಿಸಿ ನೋಡಿ, ಅದು (y + 1/4)² ಆಗುತ್ತದೆ. ಅಂದರೆ ದೂರ y + 1/4, ಇದು ಸರಿಯಾಗಿ ನಿಯತರೇಖೆಯಿಂದ ಇರುವ ಎತ್ತರ. ನೀವು y = −1/4 ಹಾಕಿದಾಗ ನಿಯತರೇಖೆಯ ಮೇಲೇ ಹೋಗಿ ನಿಂತು, ಅದರಿಂದ ನನಗೆಷ್ಟು ದೂರ ಅಂತ ಕೇಳಿದ ಹಾಗಾಯಿತು. ಉತ್ತರ ಸೊನ್ನೆಯೇ ಆಗಬೇಕು.

ಗಡಿ 1/2ರಲ್ಲೇ ಯಾಕೆ ಬಂತು? ಇದನ್ನು ಲೆಕ್ಕಕ್ಕಿಂತ ಚಿತ್ರದಲ್ಲಿ ನೋಡುವುದು ಚೆನ್ನ. ಪರವಲಯದ ಆಕಾರದ ಒಂದು ಆಳವಾದ ಬಟ್ಟಲು ಇದೆ ಅಂದುಕೊಳ್ಳಿ, ಅದರೊಳಗೆ ಚೆಂಡು ಬಿಡಿ. ಚಿಕ್ಕ ಚೆಂಡಾದರೆ ತಳಕ್ಕೆ ಹೋಗಿ ಕೂರುತ್ತದೆ. ದೊಡ್ಡ ಚೆಂಡಾದರೆ ಗೋಡೆಗಳಿಗೆ ತಾಗಿ ಮೇಲೆಯೇ ನಿಲ್ಲುತ್ತದೆ, ತಳ ಮುಟ್ಟುವುದಿಲ್ಲ. ಚೆಂಡಿನ ಕೇಂದ್ರದಿಂದ ಬಟ್ಟಲಿಗೆ ಅತಿ ಕಡಿಮೆ ದೂರವೇ ಚೆಂಡಿನ ತ್ರಿಜ್ಯ, ತಾಗಿದ ಜಾಗವೇ ಹತ್ತಿರದ ಬಿಂದು. ತ್ರಿಜ್ಯ 1/2 ಆಗುವವರೆಗೆ ಚೆಂಡು ತಳ ಮುಟ್ಟುತ್ತದೆ. ತ್ರಿಜ್ಯ 1 ಇರುವ ಚೆಂಡು ಹಾಕಿದರೆ? ಸೂತ್ರದಿಂದ √(4c − 1)/2 = 1, ಹಾಗಾಗಿ c = 1.25. ಗೋಡೆಗೆ ತಾಗುವ ಎತ್ತರ 0.75. ಚೆಂಡಿನ ಅಡಿಭಾಗ ಬಟ್ಟಲಿನ ತಳದಿಂದ 0.25 ಮೇಲೆ ನಿಂತಿರುತ್ತದೆ.

ಇದನ್ನು ಲೆಕ್ಕದಲ್ಲಿ ತೋರಿಸುವುದೂ ಸುಲಭ. (0, c) ಕೇಂದ್ರ ಇಟ್ಟುಕೊಂಡು ತಳವನ್ನು ಮುಟ್ಟುವ ವೃತ್ತ x² + (y − c)² = c². ಇದರಲ್ಲಿ x² = y ಹಾಕಿ. y = 0 ಅಥವಾ y = 2c − 1 ಬರುತ್ತದೆ. c > 1/2 ಆದರೆ ಎರಡನೆಯದು ಪಾಸಿಟಿವ್, ಅಂದರೆ ವೃತ್ತ ಪರವಲಯವನ್ನು ಇನ್ನೊಂದು ಕಡೆ ಕತ್ತರಿಸುತ್ತದೆ, ವೃತ್ತದ ಒಳಗೆ ಪರವಲಯದ ಭಾಗ ಬರುತ್ತದೆ, ಹಾಗಾಗಿ ತಳಕ್ಕಿಂತ ಹತ್ತಿರದ ಬಿಂದುಗಳಿವೆ. c ಪಾಸಿಟಿವ್ ಆಗಿದ್ದು 1/2 ಮೀರದಿದ್ದರೆ ವೃತ್ತ ಪರವಲಯದ ಒಳಗೇ ಇರುತ್ತದೆ, ತಳದಲ್ಲಿ ಮಾತ್ರ ಮುಟ್ಟುತ್ತದೆ. y = x²ರ ತಳದ ವಕ್ರತಾ ತ್ರಿಜ್ಯ ಅಂತ ಕರೆಯುವುದು ಇದೇ 1/2ನ್ನು.

ಸರಿಯಾಗಿ c = 1/2 ಆದಾಗ ಒಂದು ವಿಶೇಷ. D = x⁴ + 1/4 ಆಗುತ್ತದೆ. x = 0ಯಲ್ಲಿ ಎರಡನೇ ಡೆರಿವೇಟಿವ್ ಕೂಡ ಸೊನ್ನೆ. ಎರಡನೇ ಡೆರಿವೇಟಿವ್ ಪರೀಕ್ಷೆ ಏನೂ ಹೇಳಲ್ಲ. ಆದರೆ x⁴ ಎಂದೂ ನೆಗೆಟಿವ್ ಆಗಲ್ಲ ಅನ್ನುವುದು ಕಣ್ಣಿಗೇ ಕಾಣುತ್ತದೆ, ಹಾಗಾಗಿ ಕನಿಷ್ಠ ತಳದಲ್ಲೇ.

ಇಷ್ಟು ಹೊತ್ತು ಬಿಂದು ಅಕ್ಷದ ಮೇಲಿತ್ತು. ಅಕ್ಷ ಬಿಟ್ಟು (a, b)ಗೆ ಹೋದರೆ y ಹಾಕುವ ದಾರಿಯನ್ನು ಬಿಟ್ಟೇಬಿಡಿ. ಅಲ್ಲಿ x ಒಂಟಿಯಾಗಿಯೂ ಬರುತ್ತದೆ, √y ಪ್ಲಸ್ಸೋ ಮೈನಸ್ಸೋ ಅನ್ನುವ ತಲೆನೋವು ಬೇರೆ. xನಲ್ಲೇ ಬರೆಯಿರಿ:

D = (x − a)² + (x² − b)²

ಡಿಫರೆನ್ಶಿಯೇಟ್ ಮಾಡಿ 2ರಿಂದ ಭಾಗಿಸಿದರೆ

(x − a) + 2x(x² − b) = 0

ಈ ಸಾಲನ್ನು ಸ್ವಲ್ಪ ನಿಂತು ನೋಡಿ. ನಿಶ್ಚಿತ ಬಿಂದುವಿನಿಂದ ವಕ್ರರೇಖೆಗೆ ಎಳೆದ ಗೆರೆಯ ದಿಕ್ಕು (x − a, x² − b). ಸ್ಪರ್ಶಕದ ದಿಕ್ಕು (1, 2x). ಇವೆರಡು ಲಂಬವಾಗಿವೆ ಅಂತಷ್ಟೇ ಈ ಸಮೀಕರಣ ಹೇಳುತ್ತಿದೆ. ಲೆಕ್ಕ ಮುಗಿದ ಮೇಲೆ ಪರೀಕ್ಷಿಸಲು ಇದೇ ಸುಲಭದ ದಾರಿ. ಉದಾಹರಣೆಗೆ (3, 0) ಬಿಂದು. ಸಮೀಕರಣ 2x³ + x − 3 = 0, x = 1 ಹೊಂದುತ್ತದೆ, ಉಳಿದ ಅಂಶ 2x² + 2x + 3ಕ್ಕೆ ನೈಜ ಮೂಲಗಳಿಲ್ಲ. ಹತ್ತಿರದ ಬಿಂದು (1, 1), ದೂರ √5. ಅಲ್ಲಿ ಸ್ಪರ್ಶಕದ ಇಳಿಜಾರು 2, (3, 0)ಗೆ ಎಳೆದ ಗೆರೆಯ ಇಳಿಜಾರು −1/2, ಗುಣಿಸಿದರೆ −1. ಸರಿಯಾಯಿತು. ಪಠ್ಯದಲ್ಲಿ y = x² + 7 ಮೇಲೆ ಹಾರುವ ಹೆಲಿಕಾಪ್ಟರ್, (3, 7)ರಲ್ಲಿ ನಿಂತ ಸೈನಿಕ ಅಂತ ಬರುವ ಲೆಕ್ಕ ಇದೇ, 7ರಷ್ಟು ಮೇಲೆ ಸರಿಸಿದ್ದಾರೆ ಅಷ್ಟೇ.

ಆದರೆ ಲಂಬವಾಗಿದ್ದ ಮಾತ್ರಕ್ಕೆ ಅದೇ ಹತ್ತಿರದ ಬಿಂದು ಅಂತ ತಿಳಿಯಬೇಡಿ. (12, 15/2) ಎಂಬ ಬಿಂದು ತೆಗೆದುಕೊಳ್ಳಿ. ಈಗ

D' = 4x³ − 28x − 24 = 4(x − 3)(x + 1)(x + 2)

ಮೂರು ಮೂಲಗಳು: 3, −1, −2. ಮೂರೂ ಕಡೆ ಗೆರೆ ಸ್ಪರ್ಶಕಕ್ಕೆ ಲಂಬವೇ. ಎರಡನೇ ಡೆರಿವೇಟಿವ್ 12x² − 28. x = −1ರಲ್ಲಿ ಅದು −16, ಹಾಗಾಗಿ ಅದನ್ನು ಬಿಡೋಣ. x = −2ರಲ್ಲಿ 20, ಪಾಸಿಟಿವ್! x = 3ರಲ್ಲಿ 80, ಅದೂ ಪಾಸಿಟಿವ್. ಮೊದಲು −2 ಸಿಕ್ಕಿ, ಪಾಸಿಟಿವ್ ಬಂತಲ್ಲ ಅಂತ ಅಲ್ಲಿಗೇ ನಿಲ್ಲಿಸಿದರೆ ಉತ್ತರ ಪೂರ್ತಿ ತಪ್ಪು. ಬೆಲೆ ಹಾಕಿ ನೋಡಿ. x = −2ರಲ್ಲಿ D = 196 + 12.25 = 208.25, ದೂರ ಸುಮಾರು 14.43. x = 3ರಲ್ಲಿ D = 81 + 2.25 = 83.25, ದೂರ ಸುಮಾರು 9.12. ಎರಡನೇ ಡೆರಿವೇಟಿವ್ ಹೇಳುವುದು ಅಕ್ಕಪಕ್ಕದ ಬಿಂದುಗಳಿಗೆ ಹೋಲಿಸಿದ ಮಾತು. ಪರವಲಯದ ಎಡ ತೋಳಿನ ಮೇಲೆ ಸುತ್ತಮುತ್ತ ನೋಡಿದರೆ −2 ಹತ್ತಿರವೇ, ಆದರೆ ಬಲ ತೋಳು ಇನ್ನೂ ಹತ್ತಿರದಲ್ಲಿದೆ. ಅದಕ್ಕೇ ಇಂಥ ಲೆಕ್ಕದಲ್ಲಿ ನಾನು ಎರಡನೇ ಡೆರಿವೇಟಿವ್ ಮೇಲೆ ಜಾಸ್ತಿ ಭರವಸೆ ಇಡುವುದಿಲ್ಲ. ಸಿಕ್ಕ ಎಲ್ಲ ಮೂಲಗಳಲ್ಲೂ D ಲೆಕ್ಕ ಹಾಕಿ, ಚಿಕ್ಕದನ್ನು ಆರಿಸಿ. ಪರವಲಯದ ಎರಡೂ ತೋಳುಗಳಲ್ಲಿ ದೂರ ಹೋದಂತೆ D ಮಿತಿಯಿಲ್ಲದೆ ಬೆಳೆಯುವುದರಿಂದ ಕನಿಷ್ಠ ಇದ್ದೇ ಇರುತ್ತದೆ, ಮತ್ತು ಅದು ಈ ಪಟ್ಟಿಯಲ್ಲೇ ಇರುತ್ತದೆ. ನ್ಯೂಟನ್ ವಿಧಾನದಿಂದ ಮೂಲ ಹುಡುಕುವವರಿಗೂ ಇದೇ ಮಾತು. ಈ ಬಿಂದುವಿಗೆ x = −3ರಿಂದ ಶುರು ಮಾಡಿದರೆ −2.4, ಆಮೇಲೆ ಸುಮಾರು −2.11, ಹೀಗೆ ನೆಟ್ಟಗೆ −2ಕ್ಕೇ ಹೋಗಿ ನಿಲ್ಲುತ್ತದೆ. 3 ಇದೆ ಅಂತ ಅದು ತಿಳಿಸುವುದೇ ಇಲ್ಲ.

ಮೂರು ಮೂಲ ಯಾವಾಗ, ಒಂದೇ ಯಾವಾಗ? ಅದಕ್ಕೂ ಗಡಿ ಇದೆ. (a, b)ಯಲ್ಲಿ 27a² < 16(b − 1/2)³ ಆದರೆ, ಮತ್ತು b > 1/2 ಇದ್ದರೆ, ಮೂರು. ಗಡಿಯ ಹೊರಗಿದ್ದರೆ ಒಂದೇ. ಈ ಗಡಿರೇಖೆಯ ಮೊನೆ ಇರುವುದು (0, 1/2)ರಲ್ಲಿ, ನಾವು ಆಗಲೇ ನೋಡಿದ ಜಾಗದಲ್ಲೇ. ನಿಮ್ಮ (0, 1/4) ಅದರ ಕೆಳಗೆ, (0, 2) ಅದರ ಒಳಗೆ. ಒಂದು ಬಿಂದುವಿನಿಂದ ಪರವಲಯ, ದೀರ್ಘವೃತ್ತಗಳಿಗೆ ಇಂಥ ಲಂಬಗೆರೆಗಳು ಎಷ್ಟು ಎಳೆಯಬಹುದು ಅನ್ನುವುದನ್ನು ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಸುಮಾರು 2200 ವರ್ಷಗಳ ಹಿಂದೆ, ಡೆರಿವೇಟಿವ್ ಇಲ್ಲದೆ, ಬರೀ ಜ್ಯಾಮಿತಿಯಲ್ಲೇ ವಿಚಾರ ಮಾಡಿದ್ದ. ಅದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಇನ್ನೊಂದು ವಿಷಯ, ಪರೀಕ್ಷೆಯಲ್ಲಿ ಇದು ಬರುತ್ತದೆ. y = √x ವಕ್ರರೇಖೆಗೆ (c, 0)ದಿಂದ ಕನಿಷ್ಠ ದೂರ ಕೇಳಿದರೆ D = (x − c)² + x ಬರುತ್ತದೆ. ನೀವು ಬರೆದದ್ದೇ, x ಮತ್ತು y ಜಾಗ ಬದಲಾಗಿದೆ ಅಷ್ಟೇ. x = c − 1/2 ಸಿಗುತ್ತದೆ, c = 1/4 ಆದರೆ ಮತ್ತೆ −1/4. ಆದರೆ ಇಲ್ಲಿ ಪರಿಸ್ಥಿತಿ ಬೇರೆ. y = √x ನಿಜವಾಗಿಯೂ (0, 0)ಯಲ್ಲಿ ಮುಗಿಯುತ್ತದೆ, ಆಚೆ ಬದಿಯ ತೋಳು ಇಲ್ಲ. ಹಾಗಾಗಿ ಇಲ್ಲಿ ತುದಿಯನ್ನು ಪರೀಕ್ಷಿಸುವುದನ್ನು ಯಾವ ದಾರಿಯಲ್ಲಿ ಹೋದರೂ ತಪ್ಪಿಸಲಾಗದು. c = −1 ಅಂತ ಹಾಕಿ ನೋಡಿ, ಹತ್ತಿರದ ಬಿಂದು (0, 0)ಯೇ, ದೂರ 1. ಮುಗಿಯುವ ವಕ್ರರೇಖೆಯ ತುದಿಯಲ್ಲಿ ಗೆರೆ ಸ್ಪರ್ಶಕಕ್ಕೆ ಲಂಬವಾಗಿರಲೇಬೇಕು ಅಂತ ನಿಯಮ ಇಲ್ಲ. ಇಲ್ಲಿ ಲಂಬವಾಗಿರುವುದು ತುದಿಯ ಸ್ಪರ್ಶಕ ನೆಟ್ಟಗೆ ಮೇಲಕ್ಕೆ ಇರುವುದರಿಂದ. y = x²ರಲ್ಲಿ x ≥ 1 ಭಾಗವನ್ನು ಮಾತ್ರ ಇಟ್ಟುಕೊಂಡು (0, 1/4)ರಿಂದ ಅಳೆದರೆ ಹತ್ತಿರದ ಬಿಂದು (1, 1), ದೂರ 5/4. ಗೆರೆಯ ಇಳಿಜಾರು 3/4, ಸ್ಪರ್ಶಕದ್ದು 2. ಲಂಬ ಅಲ್ಲವೇ ಅಲ್ಲ, ಆದರೂ ಅದೇ ಸರಿ ಉತ್ತರ.